ದೊಡ್ಡಕ್ಕನ ರಜೆ ಮತ್ತು ಹಾಳೆಗೆ ಬಾರದ ಕಂಬಗಳು

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಗೋಡೆ ಎಷ್ಟು ದಪ್ಪ ಅಂತ ತಿಳಿಯಲು ಕಂಪ್ಯೂಟರಿನ ಪರದೆಗೆ ಪ್ಲಾಸ್ಟಿಕ್ ಅಳತೆಪಟ್ಟಿ ಹಿಡಿದಿದ್ದೆ. ಹಿಡಿದು, ಹದಿನಾಲ್ಕು ಮಿಲಿಮೀಟರ್ ಎಂದು ಬರೆದುಕೊಂಡೆ. ಅಷ್ಟರಲ್ಲಿ ಮೌಸಿನ ಚಕ್ರಕ್ಕೆ ಬೆರಳು ತಾಗಿ ನಕ್ಷೆ ಉಬ್ಬಿತು. ಮತ್ತೆ ಅಳೆದರೆ ಅದೇ ಗೋಡೆ ಇಪ್ಪತ್ತಾರು. ನಮ್ಮ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬು ಇತ್ತು, ಆದರೆ ಅದರ ಬೀಗದ ಕೈ ಸದಾ ರಜೆಯಲ್ಲಿರುವ ಒಬ್ಬರ ಹತ್ತಿರ ಇತ್ತು. ಆದರೂ ಡಿಪ್ಲೊಮಾ ಕೈಯಲ್ಲಿದ್ದವನು ನಾನು. ತಪ್ಪು ನನ್ನದಿರಲಾರದು, ಪರದೆಯದೇ ಇರಬೇಕು ಎಂದು ತೀರ್ಮಾನಿಸಿ, ಈ ಮಾನಿಟರ್ ಕೆಟ್ಟಿದೆ, ಅಳತೆ ನಿಲ್ಲುತ್ತಿಲ್ಲ ಎಂದು ಗಟ್ಟಿಯಾಗಿಯೇ ದೂರು ಕೊಟ್ಟೆ.

ಕಿಟಕಿ ಪಕ್ಕದ ಮೇಜಿನಲ್ಲಿದ್ದ ಹೆಂಗಸು ಕನ್ನಡಕ ಹಣೆಗೇರಿಸಿ ನನ್ನ ಕಡೆ ತಿರುಗಿದರು.

"ತಮ್ಮಾ, ಟಿವೀಲಿ ಆನೆ ಬಂದ್ರೆ ನಿಮ್ಮನೇಲಿ ಟಿವಿ ಒಡೆದುಹೋಗುತ್ತೇನಪ್ಪಾ?"

ಅವರೇ ದೊಡ್ಡಕ್ಕ. ಅಂದಿನಿಂದ ಆ ಆಫೀಸಿನಲ್ಲಿ ನನ್ನ ಹೆಸರು ಪಟ್ಟಿ. ಅಮ್ಮ ಇಟ್ಟ ಹೆಸರು ಸಂಬಳದ ಕಾಗದದಲ್ಲಿ ಮಾತ್ರ ಉಳಿಯಿತು.

ನಮ್ಮದು ಕಟ್ಟಡಗಳ ನಕ್ಷೆ ಬರೆಯುವ ಸಣ್ಣ ಆಫೀಸು. ಕೆಳಗೆ ಟೈರ್ ಅಂಗಡಿ, ನಡುವೆ ಸದಾ ಮುಚ್ಚಿದ ಬಾಗಿಲುಗಳ ಎರಡು ಅಂತಸ್ತು, ಅದರ ಮೇಲೆ ನಾವು. ಲಿಫ್ಟ್ ಇಲ್ಲ. ಲೆಕ್ಕಾಚಾರ ಮಾಡುವ ಇಂಜಿನಿಯರನ್ನು ಎಲ್ಲರೂ ಸರ್ ಅನ್ನುತ್ತೇವೆ, ಯಜಮಾನರೂ ಅವರೇ. ಅವರು ಕಾಗದದ ಮೇಲೆ ಗೀಚಿ ಕೊಟ್ಟಿದ್ದನ್ನು ದೊಡ್ಡಕ್ಕ ಮತ್ತು ನಾನು ಕಂಪ್ಯೂಟರಿನಲ್ಲಿ ನಕ್ಷೆ ಮಾಡುತ್ತೇವೆ. ನಾನು ಮಾಡುವುದಕ್ಕೂ ದೊಡ್ಡಕ್ಕ ಮಾಡುವುದಕ್ಕೂ ಇರುವ ವ್ಯತ್ಯಾಸ ಹೇಳಬೇಕೆಂದರೆ, ನಾನು ಬರೆದ ಶೌಚಾಲಯದ ಬಾಗಿಲು ಒಮ್ಮೆ ಒಳಗೂ ತೆರೆಯುತ್ತಿರಲಿಲ್ಲ, ಹೊರಗೂ ತೆರೆಯುತ್ತಿರಲಿಲ್ಲ. ಸರ್ ಅದನ್ನು ನೋಡಿ, ಇದು ಧ್ಯಾನಕ್ಕೆ ಕೂರೋ ಕೋಣೆಯಾ ಅಂತ ಕೇಳಿದ್ದರು.

ಕಂಪ್ಯೂಟರಿನಲ್ಲಿ ನಕ್ಷೆ ಬರೆದರೆ ಕೆಲಸ ಮುಗಿಯಲಿಲ್ಲ. ಅದನ್ನು ಪಿಡಿಎಫ್ ಮಾಡಿ ಹೊರಗೆ ಕಳಿಸಬೇಕು. ಗಾರೆ ಮೇಸ್ತ್ರಿ, ಕಬ್ಬಿಣದವರು, ಕಟ್ಟಡದ ಯಜಮಾನರು ನೋಡುವುದು ಅದನ್ನೇ. ನಮ್ಮ ಪರದೆ ಅವರಿಗೆ ಕಾಣುವುದಿಲ್ಲ. ಈ ಕೊನೆಯ ಕೆಲಸ ನಮ್ಮಲ್ಲಿ ಒಬ್ಬರದೇ ಆಗಿತ್ತು. ನಾನು ಬರೆದಿರಲಿ, ಸರ್ ಬರೆದಿರಲಿ, ಹಾಳೆ ದೊಡ್ಡಕ್ಕನ ಮೇಜಿಗೆ ಹೋಗಿ ಅಲ್ಲಿಂದಲೇ ಹೊರಗೆ ಹೋಗಬೇಕು. ಸರ್ ಕೂಡ ಫೋನಿನಲ್ಲಿ, ನಕ್ಷೆ ರೆಡಿ ಇದೆ, ದೊಡ್ಡಕ್ಕ ಬಿಟ್ರೆ ಕಳಿಸ್ತೀನಿ ಅನ್ನುತ್ತಿದ್ದರು. ಕೇಳಿದವರು ದೊಡ್ಡಕ್ಕ ಅಂದರೆ ಯಾವುದೋ ಸರಕಾರಿ ಇಲಾಖೆ ಅಂದುಕೊಂಡಿರಬೇಕು.

ಅವರು ಈ ಕೆಲಸಕ್ಕೆ ಬಂದದ್ದು ಕಂಪ್ಯೂಟರ್ ಇಲ್ಲದ ಕಾಲದಲ್ಲಿ. ಟ್ರೇಸಿಂಗ್ ಕಾಗದ ಹಾಸಿ, ಇಂಕ್ ಪೆನ್ನಿನಲ್ಲಿ ಗೆರೆ ಎಳೆಯುತ್ತಿದ್ದರು. ತೆಳು ಗೆರೆಗೆ ಒಂದು ಪೆನ್ನು, ದಪ್ಪ ಗೆರೆಗೆ ಇನ್ನೊಂದು. ತಪ್ಪಾದರೆ ಬ್ಲೇಡಿನಿಂದ ಕೆರೆದು ತೆಗೆಯಬೇಕು, ಕಾಗದ ತೂತಾಗಬಾರದು. ಕಂಪ್ಯೂಟರ್ ಬಂದಾಗ ಆ ಸಾಲಿನಲ್ಲಿ ಕೂತಿದ್ದವರೆಲ್ಲ ಒಬ್ಬೊಬ್ಬರಾಗಿ ಮನೆಗೆ ಹೋದರಂತೆ, ಇವರೊಬ್ಬರು ಉಳಿದರಂತೆ. ಹೇಗೆ ಅಂತ ನಾನು ಕೇಳಿದ್ದೆ. "ಕೂತಿದ್ದೆ. ಯಾರೂ ಏಳು ಅನ್ಲಿಲ್ಲ," ಅಂದಿದ್ದರು.

ಏಳಲು ಕಷ್ಟವಾಗುತ್ತಿದ್ದದ್ದು ಈಚೆಗೆ. ಬಲಮಂಡಿ ಸವೆದುಹೋಗಿತ್ತು. ಬೆಳಿಗ್ಗೆ ನಮಗಿಂತ ಮೊದಲೇ ಬರುತ್ತಿದ್ದರು. ಶಿಸ್ತು ಅಂತ ನಾನು ತಿಳಿದಿದ್ದೆ. ಒಂದು ದಿನ ನಾನೂ ಬೇಗ ಬಂದಾಗ ಎರಡನೇ ಅಂತಸ್ತಿನ ತಿರುವಿನಲ್ಲಿ ಮೆಟ್ಟಿಲ ಮೇಲೆ ಕೂತಿದ್ದರು, ಪಕ್ಕದಲ್ಲಿ ಊಟದ ಡಬ್ಬಿ. ಮಂಡಿ ನೀವಿಕೊಳ್ಳುತ್ತಿದ್ದವರು ನನ್ನನ್ನು ಕಂಡು ಚಪ್ಪಲಿ ಸರಿಮಾಡಿಕೊಳ್ಳುವ ನಾಟಕ ಮಾಡಿದರು. ನಾನೂ ಚಪ್ಪಲಿಯನ್ನೇ ನೋಡುವ ನಾಟಕ ಮಾಡಿದೆ. ಇಬ್ಬರೂ ಒಟ್ಟಿಗೆ ಮೇಲೆ ಹೋದೆವು, ತುಂಬ ಹೊತ್ತು ತೆಗೆದುಕೊಂಡು, ಟೈರುಗಳ ಗುಣಮಟ್ಟದ ಬಗ್ಗೆ ಮಾತಾಡುತ್ತಾ.

ಡಾಕ್ಟರು ಮಂಡಿ ಬದಲಿಸಬೇಕು ಅಂದಿದ್ದರು. ಆಸ್ಪತ್ರೆಯವರು ತಾರೀಖು ಕೊಟ್ಟಿದ್ದರು, ಸರ್ ಇವತ್ತಲ್ಲ ಮುಂದಿನ ತಿಂಗಳು ಅಂದದ್ದರಿಂದ ಅದು ಮುಂದೆ ಹೋಗಿತ್ತು. ಇನ್ನೊಂದು ತಾರೀಖೂ ಹಾಗೇ ಹೋಗಿತ್ತು. ಸರ್ ಕೆಟ್ಟವರಲ್ಲ. ದೊಡ್ಡಕ್ಕ ಇಲ್ಲದೆ ಒಂದು ಹಾಳೆಯೂ ಹೊರಗೆ ಹೋಗದು ಅನ್ನುವುದು ಅವರ ಭಯ, ಆ ಭಯದಲ್ಲಿ ನ್ಯಾಯವೂ ಇತ್ತು. ಈ ಸಲ ಆಸ್ಪತ್ರೆಯವರು, ಬರದಿದ್ದರೆ ಸರತಿಯ ಕೊನೆಗೆ ಹೋಗುತ್ತೀರಿ ಎಂದಿದ್ದರು. ಸೊಸೆ ದಿನಾ ಮಧ್ಯಾಹ್ನ ಫೋನು ಮಾಡುತ್ತಿದ್ದಳು. ಸ್ಪೀಕರಿನಲ್ಲಿ ಹಾಕದಿದ್ದರೂ ಆ ಹುಡುಗಿಯ ಮಾತು ನನ್ನ ಮೇಜಿಗೆ ಕೇಳುತ್ತಿತ್ತು.

"ಅತ್ತೆ, ರಜಾ ಸಿಕ್ತಾ?"

"ಕೇಳ್ತೀನಮ್ಮಾ."

"ನೀವು ಕೇಳ್ತೀನಿ ಅನ್ನೋದು ಶುರುವಾಗಿ ನನ್ನ ಮಗು ನಡೆಯೋಕೇ ಕಲೀತು. ನಾನೇ ಬಂದು ಕೇಳ್ಲಾ?"

ಕೊನೆಗೆ ಸರ್ ಒಂದು ದಾರಿ ಹೇಳಿದರು. ಪಟ್ಟಿಗೆ ಹಾಳೆ ಹೊರಗೆ ಬಿಡೋದು ಕಲಿಸಿ. ಒಂದು ಕೆಲಸ ಪೂರ್ತಿ ಅವನ ಕೈಯಿಂದ ಹೊರಗೆ ಹೋಗಲಿ, ಎಡವಟ್ಟು ಆಗದಿದ್ದರೆ ನೀವು ಹೊರಡಿ. ಅಂದರೆ ದೊಡ್ಡಕ್ಕನ ಮಂಡಿ ನನ್ನ ಬುದ್ಧಿವಂತಿಕೆಯ ಮೇಲೆ ನಿಂತಿತು. ಮಂಡಿಗೆ ಇದಕ್ಕಿಂತ ದುರ್ಬಲ ಆಧಾರ ಊರಲ್ಲಿ ಬೇರೆ ಇರಲಿಲ್ಲ.

ಸಿಕ್ಕ ಕೆಲಸ ಒಂದು ನರ್ಸಿಂಗ್ ಹೋಮಿನದು. ಬೆಂಕಿ ಬಿದ್ದರೆ ಇಳಿದು ಓಡಲು ಕಟ್ಟಡದ ಹೊರಗೋಡೆಗೆ ತಾಗಿ ಕಬ್ಬಿಣದ ಮೆಟ್ಟಿಲು. ನಡುವೆ ನಿಂತು ತಿರುಗಲು ಒಂದು ಚಪ್ಪಟೆ ಅಟ್ಟಣೆ. ನಕ್ಷೆಯನ್ನು ದೊಡ್ಡಕ್ಕ ಆಗಲೇ ಬರೆದು ಮುಗಿಸಿದ್ದರು. ನಾನು ಅದನ್ನು ಪಿಡಿಎಫ್ ಮಾಡಿ ಕಬ್ಬಿಣದಣ್ಣನಿಗೆ ಕಳಿಸಬೇಕಿತ್ತು. ಕಬ್ಬಿಣದಣ್ಣ ಎಂದರೆ ನಮ್ಮ ಬೀದಿಯಾಚೆ ವೆಲ್ಡಿಂಗ್ ಶೆಡ್ಡು ಇಟ್ಟುಕೊಂಡವನು. ಒಳ್ಳೆಯ ಕೆಲಸಗಾರ, ಆದರೆ ತಾಳ್ಮೆ ಅನ್ನುವುದು ಅವನ ಜಾತಕದಲ್ಲೇ ಇಲ್ಲ. ಹಾಳೆ ಫೋನಿಗೆ ಬಂದ ಶಬ್ದ ಕೇಳಿದರೆ ಕಟರ್ ಚಾಲೂ ಮಾಡುತ್ತಾನೆ. ಇದು ಕರಡು, ಇನ್ನೂ ಫೈನಲ್ ಅಲ್ಲ ಅಂತ ದೊಡ್ಡಕ್ಷರದಲ್ಲಿ ಬರೆದು ಕಳಿಸಿದರೂ ಅಷ್ಟೇ. ಅದಕ್ಕೆ ಅವನ ಉತ್ತರ, ಅಕ್ಷರ ಓದ್ತಾ ಕೂತ್ರೆ ಕಬ್ಬಿಣ ತುಕ್ಕು ಹಿಡಿಯುತ್ತೆ ಎಂದು.

ದೊಡ್ಡಕ್ಕ ತಮ್ಮ ಕುರ್ಚಿಯನ್ನು ನನ್ನ ಮೇಜಿಗೆ ಎಳೆಸಿಕೊಂಡು ಕೂತರು. ಎರಡು ಕೈಯನ್ನೂ ಮಡಿಲಲ್ಲಿ ಇಟ್ಟುಕೊಂಡರು. ನಾನು ಮೌಸು ಮುಟ್ಟಲ್ಲ, ನೀನೇ ಮಾಡು, ಕೇಳಿದ್ರೆ ಮಾತ್ರ ಹೇಳ್ತೀನಿ ಅಂದರು. ನಾನು ಏನೂ ಕೇಳಲಿಲ್ಲ. ಕೇಳದಿರುವುದರಲ್ಲಿ ನನಗೆ ಒಂದು ಮರ್ಯಾದೆ ಇತ್ತು. ಒಂದು ಗುಂಡಿ ಒತ್ತುವುದಕ್ಕೆ ಕೇಳುವುದೇನು?

ಒತ್ತಿದೆ. ಪ್ರಿಂಟರಿನಿಂದ ಎ-ಮೂರು ಹಾಳೆ ಹೊರಗೆ ಬಂತು, ನೋಡಲು ಚೆಂದವಾಗಿಯೇ ಇತ್ತು. ದೊಡ್ಡಕ್ಕ ಅದರ ಕೆಳಗಿನ ಮೂಲೆ ನೋಡಿದರು. ಅವರ ಪ್ರತಿ ಹಾಳೆಯಲ್ಲೂ ಆ ಮೂಲೆಯಲ್ಲಿ ನೂರು ಮಿಲಿಮೀಟರ್ ಉದ್ದದ ಒಂದು ಗೆರೆ ಇರುತ್ತದೆ. ಬೇರೆ ಯಾವ ಕೆಲಸವೂ ಅದಕ್ಕಿಲ್ಲ. ಅದರ ಮೇಲೆ ಸ್ಟೀಲ್ ಪಟ್ಟಿ ಇಟ್ಟರು. ತೊಂಬತ್ತೇಳು.

"ಮೂರು ಮಿಲಿಮೀಟರ್ ಎಲ್ಲಿ ಹೋಯ್ತೋ ಪಟ್ಟಿ?"

ಮೂರು ಮಿಲಿಮೀಟರಿಗೆ ಇಷ್ಟೊಂದಾ ಅಂತ ನಾನು ನಕ್ಕೆ. ಅವರು ನಗಲಿಲ್ಲ. ಹಾಳೆಯ ಮೇಲೆ ಮೆಟ್ಟಿಲನ್ನು ಅದರ ಐವತ್ತನೇ ಒಂದು ಪಾಲಿಗೆ ಕುಗ್ಗಿಸಿ ಬರೆದಿದೆ, ನೂರು ಮಿಲಿಮೀಟರ್ ಅಂದರೆ ನಿಜದಲ್ಲಿ ಐದು ಮೀಟರ್. ನೂರಕ್ಕೆ ಮೂರು ಕಮ್ಮಿಯಾದರೆ ಐದು ಮೀಟರಿಗೆ ನೂರೈವತ್ತು ಮಿಲಿಮೀಟರ್ ಕಮ್ಮಿ. ನೂರೈವತ್ತು ಅಂದರೆ ಒಂದು ಮೆಟ್ಟಿಲ ಎತ್ತರ. ಕಬ್ಬಿಣದಣ್ಣ ಬರೆದ ಅಳತೆ ಓದುವವನಲ್ಲ, ಪ್ರಿಂಟ್ ತೆಗೆಸಿ ಹಾಳೆ ಮೇಲೆ ಸ್ಕೇಲು ಇಟ್ಟು ಅಳೆಯುವವನು. ಒಂದು ಮೆಟ್ಟಿಲು ನುಂಗಿಹಾಕಿ ಅವನು ಕತ್ತರಿಸಿದರೆ, ಬೆಂಕಿ ಬಿದ್ದ ದಿನ ಕೊನೆ ಮೆಟ್ಟಿಲಿಗೆ ಕಾಲಿಟ್ಟವರು ಗಾಳಿಗೆ ಕಾಲಿಡುತ್ತಾರೆ.

ತಪ್ಪು ಆಗಿದ್ದು ಇಷ್ಟು. ಪಿಡಿಎಫ್ ಮಾಡುವ ಕಿಟಕಿಯಲ್ಲಿ 'ಫಿಟ್ ಟು ಪೇಪರ್' ಅನ್ನುವುದಕ್ಕೆ ಟಿಕ್ ಇತ್ತು. ಕಾಗದದ ಅಂಚಿನಲ್ಲಿ ಪ್ರಿಂಟರಿಗೆ ಎಟುಕದ ಜಾಗ ಬಿಟ್ಟು, ಉಳಿದದ್ದರೊಳಗೆ ಅದು ನಕ್ಷೆಯನ್ನು ಹಿಸುಕಿ ಕೂರಿಸಿತ್ತು. ಆ ಟಿಕ್ ತೆಗೆದು, ಹಾಳೆಯ ಸ್ಕೇಲನ್ನು ಒಂದಕ್ಕೆ ಒಂದು ಮಾಡಿದೆ. ಮೆಟ್ಟಿಲನ್ನು ಐವತ್ತನೇ ಪಾಲಿಗೆ ಕುಗ್ಗಿಸುವ ಕೆಲಸ ಹಾಳೆಯೊಳಗೆ ನಕ್ಷೆಯನ್ನು ತೋರಿಸುವ ಚೌಕಟ್ಟಿನದು, ಅದು ಆಗಲೇ ಸರಿಯಾಗಿ ಬೀಗ ಹಾಕಿಕೊಂಡು ಕೂತಿತ್ತು. ಮತ್ತೆ ಪ್ರಿಂಟ್ ತೆಗೆದೆ. ಮತ್ತೆ ತೊಂಬತ್ತೇಳು. ನನಗೆ ಪರದೆಗೆ ಪಟ್ಟಿ ಹಿಡಿದ ಕಾಲಕ್ಕೇ ಹೋದಂತಾಯಿತು. ಈ ಸಲ ಪಿಡಿಎಫ್ ಸರಿಯಿತ್ತು, ಆದರೆ ಅದನ್ನು ಪ್ರಿಂಟ್ ಮಾಡುವಾಗ ಇನ್ನೊಂದು ಕಿಟಕಿ ಇನ್ನೊಂದು 'ಫಿಟ್' ಹಾಕಿಕೊಂಡಿತ್ತು. ಅದನ್ನು 'ಆಕ್ಚುವಲ್ ಸೈಜ್'ಗೆ ತಂದಾಗ ಗೆರೆ ನೂರಕ್ಕೆ ಬಂತು. ಪ್ರಪಂಚದಲ್ಲಿ ನಮ್ಮನ್ನು ಹೊಂದಿಸಿಕೊಳ್ಳಲು ಹೊರಟವರು ಎಷ್ಟು ಜನ ಅಂತ ನನಗೆ ಆವತ್ತು ಗೊತ್ತಾಯಿತು.

ಆಮೇಲೆ ಗೆರೆಗಳ ದಪ್ಪ. ಪರದೆಯ ಮೇಲೆ ನಾವು ಬಣ್ಣದಲ್ಲಿ ಬರೆಯುತ್ತೇವೆ. ಆ ಬಣ್ಣ ನೋಡುವುದಕ್ಕಲ್ಲ, ಪೆನ್ನಿನ ಗುರುತು. ನಮ್ಮ ಆಫೀಸಿನಲ್ಲಿ ಕೆಂಪು ಅಂದರೆ ಅತಿ ತೆಳು, ಅಳತೆ ಗೆರೆಗಳಿಗೆ. ಹಳದಿ ಸ್ವಲ್ಪ ದಪ್ಪ. ಹಸಿರು ಎಲ್ಲಕ್ಕಿಂತ ದಪ್ಪ, ಕತ್ತರಿಸಿ ತೋರಿಸಿದ ಕಬ್ಬಿಣಕ್ಕೆ. ಪಿಡಿಎಫ್ ಆಗುವಾಗ ಎಲ್ಲವೂ ಕಪ್ಪಾಗಬೇಕು, ಬಣ್ಣ ಹೋಗಿ ದಪ್ಪ ಮಾತ್ರ ಉಳಿಯಬೇಕು. ಯಾವ ಬಣ್ಣಕ್ಕೆ ಯಾವ ದಪ್ಪ ಎಂದು ಹೇಳುವ ಒಂದು ಸಣ್ಣ ಫೈಲು ಇರುತ್ತದೆ. ದೊಡ್ಡಕ್ಕ ಅದನ್ನು ಪೆನ್ನಿನ ಡಬ್ಬಿ ಅನ್ನುತ್ತಾರೆ. ನನ್ನ ಹಾಳೆಯಲ್ಲಿ ಎಲ್ಲ ಗೆರೆಯೂ ಒಂದೇ ದಪ್ಪ ಬಂದಿತ್ತು. ಎಲ್ಲಿ ಕಬ್ಬಿಣ, ಎಲ್ಲಿ ಬರೀ ಅಳತೆ, ಏನೂ ತಿಳಿಯುತ್ತಿರಲಿಲ್ಲ, ನಿದ್ದೆಗಣ್ಣಿನವನು ಬಾಚಿದ ತಲೆಯ ಹಾಗಿತ್ತು. ನನ್ನ ಕಂಪ್ಯೂಟರಿನಲ್ಲಿ ಹುಡುಕಿದೆ. ಅವರ ಪೆನ್ನಿನ ಡಬ್ಬಿ ಅಲ್ಲಿರಲೇ ಇಲ್ಲ. ಎಲ್ಲವನ್ನೂ ಬರೀ ಕಪ್ಪು ಮಾಡುವ ಇನ್ನೊಂದು ಇತ್ತು, ನಾನು ಅದನ್ನೇ ಹಾಕಿದ್ದೆ.

ನಾನು ಅವರ ಮುಖ ನೋಡಿದೆ. ದೊಡ್ಡಕ್ಕ ಕಿಟಕಿಯ ಕಡೆ ನೋಡಿದರು. ಆಮೇಲೆ ಎದ್ದು, ಮೇಜು ಹಿಡಿದುಕೊಂಡು ತಮ್ಮ ಕಂಪ್ಯೂಟರಿಗೆ ಹೋಗಿ, ಪೆನ್ ಡ್ರೈವಿನಲ್ಲಿ ಅದನ್ನು ತಂದುಕೊಟ್ಟರು. ಯಾಕೆ ಇಷ್ಟು ದಿನ ನನಗೆ ಕೊಟ್ಟಿರಲಿಲ್ಲ ಅಂತ ನನಗೆ ಹೊಳೆಯಲೇ ಇಲ್ಲ. ಮರೆತಿರಬೇಕು ಅಂದುಕೊಂಡೆ.

ಅದನ್ನು ಹಾಕಿ ತೆಗೆದ ಹಾಳೆ ನೋಡಿ ನಾನೇ ಬೆರಗಾದೆ. ಮೆಟ್ಟಿಲು ಕಾಗದದಿಂದ ಎದ್ದು ಬಂದಂತಿತ್ತು, ಅಳತೆಗಳು ಹಿಂದೆ ಸರಿದು ನಿಂತಿದ್ದವು. ದೊಡ್ಡಕ್ಕ ಕನ್ನಡಕ ತೆಗೆದು ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ಒಂದೊಂದೇ ಗೆರೆ ನೋಡಿದರು. ಪಟ್ಟಿ ಇಟ್ಟು ಅಳೆದರು. ಸರಿ ಇದೆ, ಬಿಡು ಅಂದರು. ಬಿಟ್ಟೆ. ಸರ್ ಹಾಗಾದ್ರೆ ರಜಾ ಬರ್ಕೊಳ್ಳಿ ಅಂದರು. ಅವತ್ತು ಮಧ್ಯಾಹ್ನ ಸೊಸೆಯ ಫೋನು ಬಂದಾಗ, ಮೊದಲ ಸಲ ದೊಡ್ಡಕ್ಕ ಹೂಂ ಸಿಕ್ತು ಅಂದದ್ದನ್ನು ನಾನು ಕೇಳಿಸಿಕೊಂಡೆ. ಅತ್ತ ಕಡೆಯಿಂದ ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ಆ ಹುಡುಗಿಯ ಜೀವನದಲ್ಲೂ ಅದು ಮೊದಲ ಸಲ ಇರಬೇಕು.

ಮಾರನೆಯ ದಿನ ಕಬ್ಬಿಣದಣ್ಣ ಸರ್‌ಗೆ ಫೋನು ಮಾಡಿದ. ನರ್ಸಿಂಗ್ ಹೋಮಿನ ಹಿತ್ತಲಿನಿಂದ ಮಾತಾಡುತ್ತಿದ್ದ, ಹಿಂದೆ ಯಾರೋ ಬಕೆಟ್ಟು ಬಡಿಯುತ್ತಿದ್ದರು. ಸರ್ ಫೋನನ್ನು ನಮ್ಮ ಮುಂದೆ ಮೇಜಿನ ಮೇಲಿಟ್ಟರು.

"ಸರ್, ನಿಮ್ಮ ನಡು ಅಟ್ಟಣೇನ ಎಲ್ಲಿ ನಿಲ್ಲಿಸ್ಲಿ? ಗೋಡೆಗೆ ಸಿಕ್ಕಿಸೋಕೆ ಬಂದ್ರೆ ಅಲ್ಲಿ ಕಿಟಕಿ ಇದೆ, ಕಿಟಕಿಯಾಚೆ ಒಬ್ರು ಡ್ರಿಪ್ ಹಾಕ್ಕೊಂಡು ಮಲಗಿದ್ದಾರೆ."

ಸರ್ ಹುಬ್ಬು ಗಂಟಿಕ್ಕಿದರು. ಗೋಡೆಗೆ ಯಾಕಪ್ಪಾ, ಕೆಳಗೆ ಎರಡು ಕಂಬ ಇದೆಯಲ್ಲ ಅಂದರು.

"ಕಂಬಾನಾ? ಯಾವ ಕಂಬ? ನಿಮ್ಮ ಹಾಳೇಲಿ ಅಟ್ಟಣೆ ಗಾಳೀಲಿ ತೇಲ್ತಾ ಇದೆ. ನಾನು ಗೋಡೆಗೇ ಇರ್ಬೇಕು ಅಂತ ತೊಲೆ ಉದ್ದ ಬಿಟ್ಟು ಕತ್ತರಿಸಿಯೂ ಆಯ್ತು."

ನನ್ನ ಪರದೆಯ ಮೇಲೆ ನಕ್ಷೆ ತೆರೆದೇ ಇತ್ತು. ಅಟ್ಟಣೆಯ ಕೆಳಗೆ ಎರಡು ಕಂಬ, ಅವುಗಳ ಅಳತೆ, ಅಡಿಯ ತಗಡು, ಎಲ್ಲವೂ ನೇರಳೆ ಬಣ್ಣದಲ್ಲಿ ಲಕ್ಷಣವಾಗಿ ನಿಂತಿದ್ದವು. ಪಿಡಿಎಫ್ ತೆರೆದೆ. ಅಟ್ಟಣೆಯ ಕೆಳಗೆ ಬಿಳಿ ಕಾಗದ. ಕಂಬವೂ ಇಲ್ಲ, ಕಂಬದ ಅಳತೆಯೂ ಇಲ್ಲ. ಅರ್ಧ ಗೆರೆಯಾದರೂ ಉಳಿದಿದ್ದರೆ ಕಣ್ಣಿಗೆ ಬೀಳುತ್ತಿತ್ತೇನೋ. ನಿನ್ನೆ ಇದೇ ಹಾಳೆಯನ್ನು ನಾನು ಹಿಂದೆ ಮುಂದೆ ನೋಡಿದ್ದೆ, ದೊಡ್ಡಕ್ಕ ಮೂಗಿಗೆ ಹಿಡಿದು ನೋಡಿದ್ದರು. ಇಬ್ಬರೂ ಇದ್ದ ಗೆರೆಗಳ ದಪ್ಪ ನೋಡಿದೆವು, ಇಲ್ಲದ ಗೆರೆಯನ್ನು ನೋಡಲಿಲ್ಲ.

ಸರ್ ಕಬ್ಬಿಣದಣ್ಣನಿಗೆ ಕೈ ನಿಲ್ಲಿಸು, ಸಂಜೆಯೊಳಗೆ ಬೇರೆ ಹಾಳೆ ಬರುತ್ತೆ ಅಂದು ಫೋನಿಟ್ಟರು. ಅವರು ಕೂಗಾಡುವವರಲ್ಲ. ಪೆನ್ನಿನ ಮುಚ್ಚಳ ತೆಗೆದು ಹಾಕಿದರು, ಮತ್ತೆ ತೆಗೆದು ಹಾಕಿದರು.

"ಪಟ್ಟಿ, ಹಾಳೆ ಬಿಡೋ ಮುಂಚೆ ಪದರ ನೋಡ್ಬೇಕು ಅನ್ನೋದು ಗೊತ್ತಿಲ್ವಾ?"

ಪದರ ನನಗೆ ಗೊತ್ತಿತ್ತು. ಒಂದು ನಕ್ಷೆಯೆಂದರೆ ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಗಳ ಕಟ್ಟು: ಕಬ್ಬಿಣ ಒಂದರಲ್ಲಿ, ಗೋಡೆ ಒಂದರಲ್ಲಿ, ಅಳತೆ ಇನ್ನೊಂದರಲ್ಲಿ. ಪ್ರತಿ ಪದರದ ಹೆಸರಿನ ಪಕ್ಕ ಒಂದು ಪುಟ್ಟ ದೀಪದ ಚಿತ್ರ, ಬೇಡವಾದದ್ದನ್ನು ಅಲ್ಲಿ ಆರಿಸಿ ಮರೆಮಾಡಬಹುದು. ಎಲ್ಲ ಪದರವೂ ಬೆಳಗುತ್ತಿದೆಯಾ ಅಂತ ನಾನು ನೋಡಿದ್ದೆ, ಎಲ್ಲವೂ ಬೆಳಗುತ್ತಿದ್ದವು. ಕಂಬ ಪರದೆಯ ಮೇಲೆ ಕಾಣುತ್ತಿತ್ತಲ್ಲ. ಈಗ ಮತ್ತೆ ಪದರಗಳ ಸಾಲು ತೆರೆದು ಮೇಲಿಂದ ಕೆಳಗೆ ಹೋದೆ. ಕೊನೆಯಲ್ಲಿ 'ಜ಼ೆಡ್' ಅಂತ ಒಂದು ಪದರ. ದೀಪ ಬೆಳಗುತ್ತಿತ್ತು. ಆದರೆ ಅದೇ ಸಾಲಿನಲ್ಲಿ ತುಂಬ ಬಲಗಡೆ ಒಂದು ಪುಟ್ಟ ಪ್ರಿಂಟರಿನ ಚಿತ್ರ ಇರುತ್ತದೆ, ಅದರ ಮೇಲೆ ಕೆಂಪು ಗುರುತು ಬಿದ್ದಿತ್ತು. ಅಂದರೆ ಈ ಪದರ ಪರದೆಗೆ ಉಂಟು, ಪ್ರಿಂಟಿಗೆ ಇಲ್ಲ. ಎರಡು ಕಂಬವೂ ಅದರೊಳಗಿದ್ದವು.

ನಾನೇ ಎಲ್ಲೋ ಕೈ ತಾಗಿಸಿ ಆ ಗುರುತು ಹಾಕಿರಬೇಕು ಅಂದುಕೊಂಡೆ. ಮೌಸಿನ ಚಕ್ರದ ಇತಿಹಾಸ ನನ್ನ ವಿರುದ್ಧವೇ ಇತ್ತು. ನನ್ನಿಂದಾಗಿದ್ದು ಸರ್, ನೋಡ್ಲಿಲ್ಲ ಅಂದೆ. ಸರ್ ತಲೆಯಾಡಿಸಿದರು. ಆಮೇಲೆ ದೊಡ್ಡಕ್ಕನ ಕಡೆ ತಿರುಗಿ, ತುಂಬ ಮೆತ್ತಗೆ, ಇವನು ಇನ್ನೊಂದು ನಾಲ್ಕು ಕೆಲಸ ನಿಮ್ಮ ಪಕ್ಕ ಕೂತು ಮಾಡ್ಲಿ, ಆಸ್ಪತ್ರೆಯವರ ಹತ್ತಿರ ನಾನೇ ಮಾತಾಡ್ತೀನಿ, ಇನ್ನೊಂದು ತಾರೀಖು ಕೇಳೋಣ ಅಂದರು.

ದೊಡ್ಡಕ್ಕನ ಬಲಗೈ ಮಂಡಿಯ ಮೇಲಿತ್ತು. ಮೇಜಿನ ಮೇಲೆ ಅವರ ಫೋನು ನಡುಗತೊಡಗಿತು, ಸೊಸೆಯದೇ. ಅದು ನಡುಗುತ್ತಾ ಸರಿಯುತ್ತಾ ಅಂಚಿನವರೆಗೆ ಹೋಗಿ ನಿಂತಿತು. ಅವರು ಎತ್ತಲಿಲ್ಲ. ನಾನು ಪರದೆ ನೋಡುತ್ತಿದ್ದೆ. ದೊಡ್ಡಕ್ಕ ಸುಮ್ಮನಿದ್ದರೆ ತಪ್ಪು ನನ್ನ ತಲೆಯ ಮೇಲೆಯೇ ಕೂತಿರುತ್ತಿತ್ತು, ಅಲ್ಲಿ ಅದಕ್ಕೆ ಸಂಗಾತಿಗಳೂ ಬೇಕಾದಷ್ಟು ಇದ್ದವು, ಯಾರೂ ಸಂಶಯಪಡುತ್ತಿರಲಿಲ್ಲ. ಆದರೆ ರಜೆಯೂ ಹೋಗುತ್ತಿತ್ತು.

"ಸರ್, ಇವನ ತಪ್ಪಲ್ಲ," ಅಂದರು ದೊಡ್ಡಕ್ಕ. "ಆ ಪದರ ನಂದು. ಆ ಗುರುತು ಹಾಕಿದ್ದೂ ನಾನೇ."

ಸರ್ ಪೆನ್ನಿನ ಮುಚ್ಚಳ ಕೈಯಲ್ಲೇ ಹಿಡಿದುಕೊಂಡರು.

ಅವರು ಹೇಳಿದ್ದು ಹೀಗೆ. ಕಬ್ಬಿಣದಣ್ಣನಂಥವರ ಕೈಗೆ ಇನ್ನೂ ತೀರ್ಮಾನವಾಗದ ಗೆರೆ ಸಿಕ್ಕರೆ ಕತ್ತರಿಸಿಯೇ ಬಿಡುತ್ತಾರೆ. ಬರೆಯದೆ ಇಟ್ಟರೆ ಆಮೇಲೆ ಮರೆತುಹೋಗುತ್ತದೆ. ಅದಕ್ಕೆ ಅವರು ಎಷ್ಟೋ ವರ್ಷಗಳಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದರು: ಇನ್ನೂ ಗಟ್ಟಿಯಾಗದ್ದನ್ನೆಲ್ಲ, ಅದರ ಅಳತೆ ಸಮೇತ, ಪ್ರಿಂಟಾಗದ ಆ ಕೊನೆಯ ಪದರದಲ್ಲಿ ಬರೆಯುವುದು. ತಮಗೆ ಪರದೆ ಮೇಲೆ ಕಾಣುತ್ತಿರುತ್ತದೆ, ಹೊರಗಿನವರ ಕೈಗೆ ಹೋಗುವುದಿಲ್ಲ. ತೀರ್ಮಾನವಾದ ಮೇಲೆ ಅದನ್ನು ಅದರ ನಿಜವಾದ ಪದರಕ್ಕೆ ಸಾಗಿಸುವುದು. ಕಂಬ ಇರಲಿ ಅಂತ ಸರ್ ಹೇಳಿದ್ದರು, ಆದರೆ ಆಂಬುಲೆನ್ಸ್ ತಿರುಗಲು ಜಾಗ ಸಾಕಾ ಅಂತ ನರ್ಸಿಂಗ್ ಹೋಮಿನ ಡಾಕ್ಟರಮ್ಮ ನೋಡಿ ಹೇಳಬೇಕಿತ್ತು. ಆಮೇಲೆ ಅವರು ಸರಿ ಅಂದಿದ್ದರು. ಸಾಗಿಸುವುದೊಂದು ಬಾಕಿಯಿತ್ತು.

"ಅದನ್ನ ನಾನು ಯಾವತ್ತೂ ಹಾಳೆ ಬಿಡೋ ಹೊತ್ತಿಗೇ ಮಾಡೋದು. ಕೈ ತಾನಾಗೇ ಹೋಗಿ ಮಾಡ್ತಿತ್ತು. ನಿನ್ನೆ ಕೈ ಮಡಿಲಲ್ಲಿ ಇಟ್ಕೊಂಡು ಕೂತಿದ್ನಲ್ಲ, ನೆನಪೇ ಬರ್ಲಿಲ್ಲ."

ಸರ್ ನಕ್ಷೆಯ ಕಡೆ ತಿರುಗಿದರು. ಅವರಿಗೆ ಸಿಟ್ಟು ಬಂದಿತ್ತೋ ಆಶ್ಚರ್ಯವೋ ನನಗೆ ತಿಳಿಯಲಿಲ್ಲ. ಆ ಮುಖದಲ್ಲಿ ಎರಡಕ್ಕೂ ಒಂದೇ ಗೆರೆ. ಇಂಥದ್ದು ಇನ್ನೇನೇನಿದೆ ಅಂತ ಕೇಳಿದರು. ಎಲ್ಲಾ ಪಟ್ಟಿಗೆ ಹೇಳಿ. ಅವನು ನಾಳೆ ನೀವು ಬಾಯಿ ತೆಗೀದೆ ಇರೋವಾಗ ಒಂದು ಹಾಳೆ ಬಿಟ್ಟು ತೋರಿಸ್ಲಿ, ಆಮೇಲೆ ರಜಾ ಅಂದರು. ಎದ್ದು ಒಳಗೆ ಹೋದರು.

ಮೊದಲು ಕಬ್ಬಿಣದಣ್ಣನ ಹಾಳೆ. ದೊಡ್ಡಕ್ಕ ಹೇಳಿದರು, ನಾನು ಮಾಡಿದೆ. ಎರಡು ಕಂಬವನ್ನೂ ಹಿಡಿದು ಕಬ್ಬಿಣದ ಪದರಕ್ಕೆ ಹಾಕಿದೆ, ನೇರಳೆ ಹೋಗಿ ಹಸಿರಾಯಿತು. ಅವುಗಳ ಅಳತೆಯನ್ನು ಅಳತೆಯ ಪದರಕ್ಕೆ ಹಾಕಿದೆ, ಕೆಂಪಾಯಿತು. ಕೊನೆಯ ಪದರ ಖಾಲಿಯಾಗಿದೆಯಾ ಅಂತ ನೋಡಲು ಉಳಿದ ಎಲ್ಲ ಪದರವನ್ನೂ ಆರಿಸಿದೆ. ಪರದೆ ಖಾಲಿ ಉಳಿಯಿತು. ಮತ್ತೆ ಎಲ್ಲವನ್ನೂ ಬೆಳಗಿಸಿ, ಪೆನ್ನಿನ ಡಬ್ಬಿ ಹಾಕಿ, ಒಂದಕ್ಕೆ ಒಂದು ಇಟ್ಟು, ಪಿಡಿಎಫ್ ಮಾಡಿದೆ. ಈ ಸಲ ದೊಡ್ಡಕ್ಕ ಪ್ರಿಂಟನ್ನು ಮೂಗಿಗೆ ಹಿಡಿಯಲಿಲ್ಲ. ಪಿಡಿಎಫನ್ನು ಒಂದು ಪರದೆಯಲ್ಲಿ, ನಕ್ಷೆಯನ್ನು ಪಕ್ಕದ ಪರದೆಯಲ್ಲಿ ತೆರೆಸಿ, ಇಲ್ಲಿರೋದೆಲ್ಲ ಅಲ್ಲಿದೆಯಾ ಅಂತ ಎಡದಿಂದ ಬಲಕ್ಕೆ ಬೆರಳಿಟ್ಟು ನನ್ನಿಂದ ಹೇಳಿಸಿದರು. ಇದನ್ನ ನಾನೂ ಇವತ್ತೇ ಶುರು ಮಾಡಿದ್ದು ಅಂದರು. ಕಬ್ಬಿಣದಣ್ಣ ಹಾಳೆ ಸಿಕ್ಕ ತಕ್ಷಣ ಫೋನು ಮಾಡಿ, ಕಂಬ ಬಂತು, ಉದ್ದ ಕತ್ತರಿಸಿದ ತೊಲೇನ ಇನ್ನಷ್ಟು ಕತ್ತರಿಸ್ಬಹುದು, ಗಿಡ್ಡ ಕತ್ತರಿಸಿದ್ರೆ ಉದ್ದ ಮಾಡೋಕಾಗ್ತಿತ್ತಾ, ನನ್ನ ಬುದ್ಧಿ ನೋಡಿ ಅಂದ. ಹಿಂದೆ ಕಟರಿನ ಸದ್ದು ಆಗಲೇ ಶುರುವಾಗಿತ್ತು.

ಆಮೇಲೆ ದೊಡ್ಡಕ್ಕ ಹೇಳುತ್ತಾ ಹೋದರು. ಅಷ್ಟು ಇರಬಹುದು ಅಂತ ನಾನು ಅಂದುಕೊಂಡಿರಲಿಲ್ಲ. ಬೇರೆ ಆಫೀಸಿನಿಂದ ಬಂದ ನಕ್ಷೆಯಲ್ಲಿ 'ಡೆಫ್‌ಪಾಯಿಂಟ್ಸ್' ಅನ್ನುವ ಪದರದ ಮೇಲೆ ಯಾರಾದರೂ ಗೋಡೆ ಬರೆದಿದ್ದರೆ, ಯಾವ ಗುರುತೂ ಹಾಕದೆ ತಾನಾಗಿಯೇ ಅದು ಪ್ರಿಂಟಾಗುವುದಿಲ್ಲ. ಒಂದು ಹಾಳೆಯಲ್ಲಿ ಎರಡು ಚೌಕಟ್ಟು ಇದ್ದರೆ ಒಂದರಲ್ಲಿ ಮಾತ್ರ 'ಫ್ರೀಜ್' ಮಾಡಿ ಮರೆಸಿಟ್ಟ ಪದರ ಇನ್ನೊಂದರಲ್ಲಿ ಕಾಣುತ್ತಿರುತ್ತದೆ, ನಂಬಬಾರದು. ಸರ್ ತಮ್ಮ ಕೈಯಾರೆ ತಿದ್ದಿದ ನಕ್ಷೆಯಲ್ಲಿ ಬಣ್ಣ ಪದರದ್ದಲ್ಲ, ಅವರ ಇಷ್ಟದ್ದು. ಅವರಿಗೆ ಹೇಳದೆ ಸರಿಮಾಡಬೇಕು. ಹೇಳುತ್ತಾ ಹೇಳುತ್ತಾ ಅವರ ದನಿ ಸಣ್ಣದಾಯಿತು. ತಮ್ಮ ಮನೆಯ ಸಾಮಾನನ್ನು ಒಂದೊಂದೇ ಹೊರಗಿಡುತ್ತಿರುವವರ ಹಾಗೆ, ಕೊಟ್ಟದ್ದನ್ನು ಕೊನೆಯ ಸಲ ಒಮ್ಮೆ ನೋಡಿ ಕೊಡುತ್ತಿದ್ದರು. ನಾನು ಕೂತು ಎಲ್ಲವನ್ನೂ ಮಾಡಿ ನೋಡಿದೆ, ಕೆಲವನ್ನು ಕೆಡಿಸಿ ಮತ್ತೆ ಮಾಡಿ ನೋಡಿದೆ.

ಮರುದಿನ ಸರ್ ಕೊಟ್ಟ ಹಾಳೆಯನ್ನು ಒಬ್ಬನೇ ಬಿಟ್ಟೆ. ಸರ್ ಅದರ ಮೂಲೆಯ ಗೆರೆಯ ಮೇಲೆ ತಾವೇ ಪಟ್ಟಿ ಇಟ್ಟರು, ನಕ್ಷೆಯ ಜೊತೆ ಇಟ್ಟು ನೋಡಿದರು, ರಜೆಯ ಅರ್ಜಿಗೆ ಸಹಿ ಹಾಕಿದರು. ಮಂಡಿ ವಾಸಿಯಾಗೋವರೆಗೂ ಬರಬೇಡಿ, ಗಡಿಬಿಡಿ ಏನಿಲ್ಲ ಅಂದರು. ಒಳ್ಳೆಯ ಮಾತೇ ಆಡಿದ್ದರು. ದೊಡ್ಡಕ್ಕ ಹೂಂ ಸರ್ ಅಂದರು, ಆದರೆ 'ಗಡಿಬಿಡಿ ಏನಿಲ್ಲ' ಅನ್ನುವುದು ಅವರ ಕಿವಿಯಲ್ಲಿ ಸ್ವಲ್ಪ ಹೊತ್ತು ನಿಂತಿತು ಅಂತ ನನಗನ್ನಿಸಿತು.

ಸಂಜೆ ಕೆಳಗೆ ಮಗ ಸ್ಕೂಟರ್ ತಂದಿದ್ದ. ಡಬ್ಬಿ, ಸ್ವೆಟರು, ಸ್ಟೀಲ್ ಪಟ್ಟಿ ಚೀಲಕ್ಕೆ ಹಾಕಿಕೊಂಡರು. ನಾನು ಚೀಲ ಹಿಡಿದುಕೊಂಡೆ. ಇಳಿಯುವಾಗ ಅವರು ಗೋಡೆ ಹಿಡಿದು ಒಂದೊಂದೇ ಮೆಟ್ಟಿಲಿಗೆ ಎರಡೂ ಪಾದ ಇಟ್ಟು ಇಳಿಯುತ್ತಿದ್ದರು. ಈ ಸಲ ಟೈರಿನ ಮಾತು ಬರಲಿಲ್ಲ. ನನಗೆ ಎರಡು ದಿನದಿಂದ ಬಾಯಿಗೆ ಬಂದು ನಿಂತಿದ್ದ ಒಂದು ಪ್ರಶ್ನೆ ಇತ್ತು. ಕೇಳಬಾರದು ಅಂತ ಗೊತ್ತಿತ್ತು. ಆದರೆ ಕೇಳಬಾರದ್ದನ್ನು ಕೇಳದೆ ಉಳಿದ ದಾಖಲೆ ನನ್ನ ಹೆಸರಿನಲ್ಲಿ ಒಂದೂ ಇಲ್ಲ.

"ದೊಡ್ಡಕ್ಕಾ, ಒಂದು ಸಂಜೇಲಿ ನಂಗೆ ಎಲ್ಲಾ ಹೇಳಿಕೊಟ್ರಿ. ಮೊದಲೇ ಹೇಳಿದ್ದಿದ್ರೆ ಮೊದಲನೇ ತಾರೀಖಿಗೇ ಆಪರೇಶನ್ ಆಗಿರ್ತಿತ್ತು. ಇಷ್ಟು ವರ್ಷ ಯಾಕೆ ಯಾರಿಗೂ ಹೇಳ್ಲಿಲ್ಲ?"

ಅವರು ಮುಂದಿನ ಮೆಟ್ಟಿಲಿಗೆ ಎರಡೂ ಪಾದ ಇಟ್ಟು ನಿಂತರು.

"ಹೇಳಿದ್ದಿದ್ರೆ ಇಷ್ಟು ವರ್ಷ ನನ್ನ ಯಾರೋ ಇಟ್ಕೊತಿದ್ರು?"